ಒಂದೇ ಬಿಲ್ಲಿಗೆ ಎರಡು ಪತ್ರ

ಲೆಕ್ಕಪತ್ರದ ಕೆಲಸ ಮಾಡುವವರಿಗೆ ಈ ಪತ್ರ ಹೊಸದಲ್ಲ. ಸಪ್ಲೈಯರ್ ಕಳಿಸಿದ ಇನ್‌ವಾಯ್ಸ್‌ನಲ್ಲಿ ನಮ್ಮ ತೆರಿಗೆ ನೋಂದಣಿ ಸಂಖ್ಯೆ ತಪ್ಪಾಗಿರುತ್ತದೆ. ಸರಿ ಮಾಡಿಕೊಡಿ ಅಂತ ಕೇಳಬೇಕು. ನಾಲ್ಕು ಸಾಲಿನ ಕೆಲಸ ಅಂದುಕೊಂಡು ನಾನೂ ಐದು ನಿಮಿಷದಲ್ಲಿ ಬರೆದು ಕಳಿಸಿದ್ದೆ. ಆಮೇಲೆ ಅದೇ ಬಿಲ್ಲಿಗೆ ಇನ್ನೊಂದು ಪತ್ರ ಬರೆಯಬೇಕಾಯಿತು. ಎರಡನೆಯದಕ್ಕೆ ಅರ್ಧ ದಿನ ಹಿಡಿಯಿತು.

ಮೊದಲನೆಯದು ಹೀಗಿತ್ತು: "ನಿಮ್ಮ ಬೇಜವಾಬ್ದಾರಿಯಿಂದ ನಮ್ಮ ತೆರಿಗೆ ಸಂಖ್ಯೆ ತಪ್ಪಾಗಿ ನಮೂದಾಗಿದೆ. ಕೂಡಲೇ ಸರಿಪಡಿಸಿದ ಇನ್‌ವಾಯ್ಸ್ ಕಳಿಸಿ. ಅಲ್ಲಿಯವರೆಗೆ ಹಣ ಪಾವತಿಸಲಾಗುವುದಿಲ್ಲ."

ಈಗ ಓದಿದರೆ ನಗು ಬರುತ್ತದೆ. ಯಾವ ಇನ್‌ವಾಯ್ಸ್ ಅಂತ ಪತ್ರದೊಳಗೆ ಬರೆದೇ ಇಲ್ಲ. ಸರಿಯಾದ ಸಂಖ್ಯೆ ಯಾವುದು ಅಂತಲೂ ಇಲ್ಲ. ಹಣ ಕೊಡಲ್ಲ ಅಂತ ಹೆದರಿಸಿದ್ದೇನೆ, ಆದರೆ ಹಣ ಹೋಗಿ ಆಗಲೇ ಹತ್ತು ದಿನ ಆಗಿತ್ತು.

ಮಾರನೇ ದಿನ ಉತ್ತರ ಬಂತು. ಒಂದು ಪಿಡಿಎಫ್‌ನಲ್ಲಿ ಅದೇ ಇನ್‌ವಾಯ್ಸ್, ಅದೇ ನಂಬರ್, ಅದೇ ತಾರೀಕು, ನಮ್ಮ ತೆರಿಗೆ ಸಂಖ್ಯೆ ಮಾತ್ರ ಬದಲು. ಜೊತೆಗೆ ಇನ್ನೊಂದು ಹಾಳೆ. ಅದು ನಾವೇ ಅವರಿಗೆ ಕಳಿಸಿದ್ದ ಪರ್ಚೇಸ್ ಆರ್ಡರ್‌ನ ಪ್ರತಿ. ಅದರಲ್ಲಿ ನಮ್ಮ ತೆರಿಗೆ ಸಂಖ್ಯೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಒಂದಕ್ಷರ ವಿವರಣೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ತಪ್ಪು ಸಂಖ್ಯೆ ಹೊರಟಿದ್ದು ನಮ್ಮಿಂದಲೇ.

ನಮ್ಮ ಸಂಸ್ಥೆಗೆ ಎರಡು ಘಟಕ, ಎರಡಕ್ಕೂ ಬೇರೆ ಬೇರೆ ತೆರಿಗೆ ನೋಂದಣಿ. ಸಂಖ್ಯೆಗಳು ನೋಡಲು ಅಣ್ಣತಮ್ಮಂದಿರ ಹಾಗಿವೆ. ಒಂದರ ಕೊನೆಗೆ 4417, ಇನ್ನೊಂದರ ಕೊನೆಗೆ 4482. (ಪೂರ್ತಿ ಸಂಖ್ಯೆ ಇಲ್ಲಿ ಹಾಕಲ್ಲ, ಅಂಕಿಗಳನ್ನೂ ಬದಲಿಸಿದ್ದೇನೆ.) ಸರಕು ಬಂದದ್ದು ನಮ್ಮ ಘಟಕಕ್ಕೆ, ಅಂದರೆ 4482ಕ್ಕೆ. ಆರ್ಡರ್ ಮಾತ್ರ ಹಳೇ ನಮೂನೆಯಲ್ಲಿ ಹೋಗಿತ್ತು, ಅದರ ತಲೆಯಲ್ಲಿ 4417 ಅಚ್ಚಾಗಿತ್ತು.

ಇಂಥ ತಪ್ಪು ಬೇರೆ ತಪ್ಪುಗಳಿಗಿಂತ ಯಾಕೆ ಕಷ್ಟ ಅಂತ ಸ್ವಲ್ಪ ಹೇಳಬೇಕು. ಎಷ್ಟೋ ಕಡೆ ತೆರಿಗೆ ಸಂಖ್ಯೆಯಲ್ಲಿ ಒಂದು ಪರೀಕ್ಷಾ ಅಂಕಿ ಇರುತ್ತದೆ. ಉಳಿದ ಅಂಕಿಗಳ ಮೇಲೆ ಒಂದು ಲೆಕ್ಕ ಹಾಕಿ ಆ ಅಂಕಿಯನ್ನು ಇಡುತ್ತಾರೆ. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ, ಪಕ್ಕಪಕ್ಕದ ಎರಡು ಅದಲುಬದಲಾದರೆ, ಲೆಕ್ಕ ಸಾಮಾನ್ಯವಾಗಿ ತಾಳೆಯಾಗುವುದಿಲ್ಲ. ಸಾಫ್ಟ್‌ವೇರ್ ನೋಡುವ ಹಾಗಿದ್ದರೆ ಅಲ್ಲೇ ತಡೆಯುತ್ತದೆ. ಆದರೆ ನಮ್ಮದು ಟೈಪಿಂಗ್ ತಪ್ಪಲ್ಲ. 4417 ನಿಜವಾದ, ಚಾಲ್ತಿಯಲ್ಲಿರುವ ಸಂಖ್ಯೆ. ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಹಾಕಿ ನೋಡಿದರೂ ನಮ್ಮದೇ ಸಂಸ್ಥೆಯ ಹೆಸರು ಬರುತ್ತದೆ. ಯಾವ ಯಂತ್ರಕ್ಕೂ ಅದು ತಪ್ಪಾಗಿ ಕಾಣುವುದಿಲ್ಲ. ಸರಕು ಎಲ್ಲಿ ಇಳಿಯಿತು ಅಂತ ಗೊತ್ತಿರುವ ಮನುಷ್ಯನಿಗೆ ಮಾತ್ರ ಕಾಣುತ್ತದೆ.

ಇರಲಿ. ತಿದ್ದಿದ ಪಿಡಿಎಫ್ ಬಂತಲ್ಲ, ನಾನು ಮುಖ ಸಣ್ಣ ಮಾಡಿಕೊಂಡು ಫೈಲಿಗೆ ಸೇರಿಸಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ತಿಂಗಳ ಕೊನೆಗೆ ನಮ್ಮ ಖರೀದಿ ಪುಸ್ತಕವನ್ನೂ, ಸಪ್ಲೈಯರ್‌ಗಳು ಸಲ್ಲಿಸಿದ ರಿಟರ್ನ್‌ಗಳಿಂದ ಪೋರ್ಟಲ್‌ನಲ್ಲಿ ಕಾಣುವ ಪಟ್ಟಿಯನ್ನೂ ತಾಳೆ ನೋಡುವಾಗ ಈ ಬಿಲ್ಲು ನಮ್ಮ ಪಟ್ಟಿಯಲ್ಲಿ ಇಲ್ಲ. ಅದೇ ಹೊತ್ತಿಗೆ ಇನ್ನೊಂದು ಘಟಕದ ಲೆಕ್ಕಿಗರು ಫೋನ್ ಮಾಡಿದರು. "ನಮ್ಮ ಪಟ್ಟಿಯಲ್ಲಿ ಒಂದು ಗೊತ್ತಿಲ್ಲದ ಬಿಲ್ಲು ಕೂತಿದೆ ಮಾರಾಯ್ರೇ, ನಿಮ್ದೇನಾ?" ನಮ್ಮದೇ. ಸಪ್ಲೈಯರ್ ಆಫೀಸಿಗೆ ಫೋನ್ ಮಾಡಿದೆ. ಅಲ್ಲಿನ ಮೇಡಂ ತಾಳ್ಮೆಯಿಂದಲೇ ಹೇಳಿದರು: "ಸರ್, ಆ ತಿಂಗಳ ರಿಟರ್ನ್ ಹೋಗಿಬಿಟ್ಟಿದೆ. ನೀವು ಬಿಲ್ ಕೇಳಿದ್ರಿ, ಬಿಲ್ ಕೊಟ್ವಿ."

ನಾನು ಕಾಗದ ಕೇಳಿದ್ದೆ, ಅವರು ಕಾಗದ ಕೊಟ್ಟಿದ್ದರು. ಆದರೆ ಇನ್‌ವಾಯ್ಸ್ ಇರುವುದು ಕಾಗದದಲ್ಲಿ ಮಾತ್ರ ಅಲ್ಲ. ಅವರ ಮಾರಾಟದ ಪುಸ್ತಕದಲ್ಲಿದೆ, ಅವರು ಸಲ್ಲಿಸಿದ ರಿಟರ್ನ್‌ನಲ್ಲಿದೆ. ಇ-ಇನ್‌ವಾಯ್ಸ್ ಇರುವ ಕಡೆ ಆ ವ್ಯವಸ್ಥೆಯಲ್ಲೂ ದಾಖಲಾಗಿದೆ. ಪಿಡಿಎಫ್ ಅದರ ಫೋಟೋ ಇದ್ದ ಹಾಗೆ. ಫೋಟೋದಲ್ಲಿ ಮೀಸೆ ಬಿಡಿಸಿದರೆ ಮುಖಕ್ಕೆ ಮೀಸೆ ಬರುತ್ತದಾ? ನಿಜ ಹೇಳಬೇಕೆಂದರೆ ಆ ತಿದ್ದಿದ ಪಿಡಿಎಫ್‌ನಿಂದ ಗೋಜಲು ಜಾಸ್ತಿಯೇ ಆಯಿತು. ಒಂದೇ ನಂಬರ್, ಒಂದೇ ತಾರೀಕಿನ ಎರಡು ಬೇರೆ ಬೇರೆ ಇನ್‌ವಾಯ್ಸ್ ಈಗ ನಮ್ಮ ಫೈಲಿನಲ್ಲಿ. ಯಾವುದು ಅಸಲು ಅಂತ ಆಡಿಟರ್ ಕೇಳಿದರೆ ಏನು ಹೇಳುವುದು?

ಯಾರೋ ಸಲಹೆ ಕೊಟ್ಟರು: ಎರಡೂ ಒಂದೇ ಮನೆಯಲ್ವಾ, ಖರೀದಿಯಲ್ಲಿ ಕೊಟ್ಟ ತೆರಿಗೆಯ ಕ್ರೆಡಿಟ್ ಆ ಘಟಕದಲ್ಲೇ ತೆಗೆದುಕೊಳ್ಳಿ, ಸುಮ್ನೆ ಯಾಕೆ ತಲೆನೋವು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಎರಡು ನೋಂದಣಿ ಅಂದರೆ ತೆರಿಗೆಯ ಕಣ್ಣಿಗೆ ಎರಡು ಮನೆ. ಆ ಘಟಕಕ್ಕೆ ಸರಕೇ ಬಂದಿಲ್ಲ. ಸ್ಟಾಕ್ ಪುಸ್ತಕದಲ್ಲಿಲ್ಲ, ಗೇಟಿನ ರಿಜಿಸ್ಟರ್‌ನಲ್ಲಿಲ್ಲ, ಹಣ ಕೊಟ್ಟ ಗುರುತೂ ಇಲ್ಲ. ಅಲ್ಲಿ ಕ್ರೆಡಿಟ್ ತೆಗೆದುಕೊಂಡರೆ ಒಂದು ತಪ್ಪನ್ನು ಮುಚ್ಚಲು ಇನ್ನೊಂದು ಮಾಡಿದಂತೆ.

ಆಗ ಕೂತು ಬರೆದದ್ದು ಈ ಎರಡನೇ ಪತ್ರ. ಹೆಸರುಗಳನ್ನು ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ.

"ವಿಷಯ: ಇನ್‌ವಾಯ್ಸ್ ಸಂಖ್ಯೆ 418, ದಿನಾಂಕ 12: ಖರೀದಿದಾರರ ತೆರಿಗೆ ನೋಂದಣಿ ಸಂಖ್ಯೆಯ ತಿದ್ದುಪಡಿ.

ಮಾನ್ಯರೇ,

ಮೇಲಿನ ಇನ್‌ವಾಯ್ಸ್‌ನಲ್ಲಿ ನಮ್ಮ ತೆರಿಗೆ ನೋಂದಣಿ ಸಂಖ್ಯೆ ತಪ್ಪಾಗಿದೆ.
ಈಗ ಇರುವುದು: …4417
ಇರಬೇಕಾದದ್ದು: …4482
ನಮ್ಮ ಹೆಸರು, ಸರಕಿನ ವಿವರ, ಪ್ರಮಾಣ, ದರ, ತೆರಿಗೆ, ಒಟ್ಟು ಮೊತ್ತ ಎಲ್ಲವೂ ಸರಿಯಾಗಿವೆ. ಸರಕು ನಮ್ಮ ಘಟಕಕ್ಕೇ ತಲುಪಿದೆ.

ತಪ್ಪು ಸಂಖ್ಯೆ ನಮ್ಮ ಪರ್ಚೇಸ್ ಆರ್ಡರ್‌ನಿಂದಲೇ ಬಂದಿದೆ. ಅದಕ್ಕೆ ವಿಷಾದಿಸುತ್ತೇವೆ. ತಿದ್ದಿದ ಆರ್ಡರ್ ಮತ್ತು ನಮ್ಮ ನೋಂದಣಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿದ್ದೇವೆ.

ದಯವಿಟ್ಟು ಈ ತಿದ್ದುಪಡಿಯನ್ನು ನಿಯಮದ ಪ್ರಕಾರ ಮಾಡಿಕೊಡಿ. ಮೂಲ ಇನ್‌ವಾಯ್ಸ್‌ನ ಸಂಖ್ಯೆ ಮತ್ತು ದಿನಾಂಕವನ್ನು ಉಲ್ಲೇಖಿಸುವ ತಿದ್ದುಪಡಿ ಇನ್‌ವಾಯ್ಸ್ ಆಗಬಹುದು, ಇಲ್ಲವೇ ಪೂರ್ತಿ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಟ್ಟು ಹೊಸ ಇನ್‌ವಾಯ್ಸ್ ಮಾಡಬಹುದು. ನಿಮ್ಮ ರಿಟರ್ನ್‌ನಲ್ಲೂ ಇದು ಸರಿಯಾಗಬೇಕು. ಯಾವ ಅವಧಿಯ ರಿಟರ್ನ್‌ನಲ್ಲಿ ತೋರಿಸುತ್ತೀರಿ ಎಂದು ತಿಳಿಸಿ.

ಮೊದಲು ಕಳಿಸಿದ, ಅದೇ ಸಂಖ್ಯೆಯ ತಿದ್ದಿದ ಪ್ರತಿಯನ್ನು ನಾವು ಬಳಸುವುದಿಲ್ಲ. ಈ ಇನ್‌ವಾಯ್ಸ್‌ನ ಹಣ ಪೂರ್ತಿ ಪಾವತಿಯಾಗಿದೆ. ಹೊಸ ಇನ್‌ವಾಯ್ಸ್ ಮಾಡಿದರೆ ಆ ಪಾವತಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ. ನಿಮ್ಮ ಗ್ರಾಹಕರ ದಾಖಲೆಯಲ್ಲೂ ನಮ್ಮ ಸಂಖ್ಯೆಯನ್ನು ಬದಲಿಸಿಕೊಳ್ಳಿ."

ಇಷ್ಟೇ. ಒಂದು ಪುಟ ದಾಟಿಲ್ಲ.

"ಎಲ್ಲವೂ ಸರಿಯಾಗಿವೆ" ಅನ್ನುವ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಪತ್ರದಲ್ಲಿ ಅರ್ಧ ಕೆಲಸ ಮಾಡುವುದು ಅದೇ. ತಿದ್ದುಪಡಿ ಅಂದ ತಕ್ಷಣ ಸಪ್ಲೈಯರ್ ಕಡೆಯವರಿಗೆ ಬರುವ ಮೊದಲ ಅನುಮಾನ, ಇವರು ರೇಟಿನಲ್ಲಿ ಏನೋ ತಕರಾರು ತೆಗೆಯುತ್ತಿದ್ದಾರೆ ಅನ್ನುವುದು. ಹಾಗಾದರೆ ಫೈಲ್ ಸೇಲ್ಸ್‌ನವರ ಮೇಜಿಗೆ ಹೋಗುತ್ತದೆ, ಅಲ್ಲಿಂದ ಮ್ಯಾನೇಜರ್ ಮೇಜಿಗೆ. ಮೊತ್ತಕ್ಕೆ ಕೈ ಹಾಕುತ್ತಿಲ್ಲ ಅಂತ ಸ್ಪಷ್ಟವಾದರೆ ಲೆಕ್ಕದ ವಿಭಾಗದಲ್ಲೇ ಮುಗಿಯುತ್ತದೆ.

ದಾರಿ ಯಾವುದು ಅಂತ ಅವರಿಗೇ ಬಿಟ್ಟಿದ್ದಕ್ಕೂ ಕಾರಣ ಇದೆ. ರಿಟರ್ನ್ ಇನ್ನೂ ಹೋಗಿಲ್ಲ ಅಂದರೆ ಒಂದು ದಾರಿ, ಹೋಗಿದ್ದರೆ ಇನ್ನೊಂದು. ಅಲ್ಲಿನ ನಿಯಮ ಯಾವುದಕ್ಕೆ ಅವಕಾಶ ಕೊಡುತ್ತದೆ, ಎಷ್ಟು ದಿನದೊಳಗೆ ಮಾಡಬೇಕು ಅನ್ನುವುದು ರಿಟರ್ನ್ ಸಲ್ಲಿಸಿದವರಿಗೆ ಗೊತ್ತಿರಬೇಕು. ನಾವು "ಕ್ರೆಡಿಟ್ ನೋಟ್ ಕೊಡಿ" ಅಂತ ಹಟ ಹಿಡಿದರೆ, ಅವರಿಗೆ ಅದು ಸರಿಹೊಂದದಿದ್ದರೆ ಇನ್ನೊಂದು ವಾರ ಪತ್ರ ಓಡಾಡುತ್ತದೆ. ಆದರೆ ಮೂಲ ಇನ್‌ವಾಯ್ಸ್‌ನ ಉಲ್ಲೇಖ ಇರಲೇಬೇಕು, ರಿಟರ್ನ್‌ನಲ್ಲಿ ಸರಿಯಾಗಲೇಬೇಕು. ಇವೆರಡರಲ್ಲಿ ಮಾತ್ರ ನಾನು ಪಟ್ಟು ಬಿಡಲ್ಲ.

ಹಣದ ಸಾಲು ಅನುಭವದಿಂದ ಬಂದದ್ದು. ಹಳೇ ಇನ್‌ವಾಯ್ಸ್ ಕ್ರೆಡಿಟ್ ನೋಟ್‌ನಿಂದ ರದ್ದಾದರೆ, ನಾವು ಅದಕ್ಕೆ ಕೊಟ್ಟ ಹಣ ಅವರ ಲೆಡ್ಜರ್‌ನಲ್ಲಿ ಯಾವುದಕ್ಕೂ ಸೇರದೆ ನಿಲ್ಲುತ್ತದೆ. ಹೊಸ ಇನ್‌ವಾಯ್ಸ್ ಬಾಕಿ ಅಂತ ಕಾಣುತ್ತದೆ. ಮೂವತ್ತು ದಿನ ಕಳೆದ ಮೇಲೆ ಅವರ ಸಾಫ್ಟ್‌ವೇರ್ ತಾನಾಗಿಯೇ "ಹಣ ಬಾಕಿ ಇದೆ" ಅಂತ ನೋಟಿಸ್ ಕಳಿಸುತ್ತದೆ. ನಮ್ಮ ಕಡೆಯೂ ಎಚ್ಚರ ಬೇಕು. ಹಳೆಯದು, ಕ್ರೆಡಿಟ್ ನೋಟ್, ಹೊಸದು, ಮೂರೂ ಎಂಟ್ರಿ ಆಗಬೇಕು. ಮಧ್ಯದ್ದನ್ನು ಮರೆತರೆ ಒಂದೇ ಸರಕನ್ನು ಎರಡು ಸಲ ಕೊಂಡಂತೆ ಪುಸ್ತಕ ಹೇಳುತ್ತದೆ.

ಪೆನ್ನಿನಲ್ಲಿ ಹೊಡೆದು ಪಕ್ಕದಲ್ಲಿ ಬರೆದು ಸೀಲ್ ಹಾಕಿದರೆ ಸಾಕು ಅನ್ನುವವರು ಈಗಲೂ ಇದ್ದಾರೆ. ಅವರ ಜೊತೆ ವಾದಕ್ಕೆ ನಿಲ್ಲಲ್ಲ. ಅವರ ರಿಟರ್ನ್‌ನಲ್ಲಿ ಏನಿದೆ ಅಂತ ಮಾತ್ರ ಕೇಳುತ್ತೇನೆ.

ಪತ್ರ ಹೋದ ನಾಲ್ಕನೇ ದಿನ ಕ್ರೆಡಿಟ್ ನೋಟ್, ಹೊಸ ಇನ್‌ವಾಯ್ಸ್ ಎರಡೂ ಬಂದವು. ಎರಡರಲ್ಲೂ 418ರ ಉಲ್ಲೇಖ ಇತ್ತು. ಮುಂದಿನ ತಿಂಗಳ ಪಟ್ಟಿಯಲ್ಲಿ ಹೊಸ ಇನ್‌ವಾಯ್ಸ್ ನಮ್ಮ ಸಂಖ್ಯೆಯಡಿ ಕಾಣಿಸಿತು. ಆ ಘಟಕದ ಲೆಕ್ಕಿಗರಿಗೂ ಕ್ರೆಡಿಟ್ ನೋಟ್ ಕಾಣಿಸಿ, ಅವರ ಕಡೆ ಸೊನ್ನೆಯಾಯಿತು.

ಆರ್ಡರ್‌ನ ಹಳೇ ನಮೂನೆಯನ್ನು ಕಂಪ್ಯೂಟರಿನಿಂದ ಅವತ್ತೇ ಅಳಿಸಿದ್ದೆ. ಮೊನ್ನೆ ಕಪಾಟು ಕ್ಲೀನ್ ಮಾಡುವಾಗ ಕೆಳಗಿನ ಖಾನೆಯಲ್ಲಿ ಅದೇ 4417 ಅಚ್ಚಾದ ಎರಡು ಪ್ಯಾಡ್ ಸಿಕ್ಕವು. ಒಂದರಲ್ಲಿ ಮೇಲಿನ ಹತ್ತು ಹನ್ನೆರಡು ಹಾಳೆ ಆಗಲೇ ಹರಿದಿತ್ತು. ಯಾರು ಹರಿದರು, ಯಾರಿಗೆ ಕಳಿಸಿದರು ಅಂತ ಈಗ ಹುಡುಕುತ್ತಿದ್ದೇನೆ.