ಲೀವ್ ಪಾಲಿಸಿಯಲ್ಲಿ ಆ ‘15 ದಿನ’ ಎಲ್ಲಿಂದ ಶುರು?

ಕಂಪನಿಯ ಲೀವ್ ಪಾಲಿಸಿ ಮೇಲ್‌ನಲ್ಲಿ ಬಂದರೆ ಎಲ್ಲರೂ ಮೊದಲು ಹುಡುಕುವುದು ಒಂದೇ ಟೇಬಲ್. ವರ್ಷಕ್ಕೆ ಎಷ್ಟು ರಜೆ, ಮುಂದಿನ ವರ್ಷಕ್ಕೆ ಎಷ್ಟು ಹೋಗುತ್ತದೆ. ಅಷ್ಟು ನೋಡಿ ಫೈಲ್ ಮುಚ್ಚಿಬಿಡುತ್ತಾರೆ. ಆಮೇಲೆ ಬ್ಯಾಲೆನ್ಸ್‌ನಲ್ಲಿ ರಜೆ ಇದ್ದೂ ಅರ್ಜಿ ರಿಜೆಕ್ಟ್ ಆದಾಗ ಮ್ಯಾನೇಜರ್ ಮೇಲೆ ಕೋಪ. ಕೆಲವು ಸಲ ಮ್ಯಾನೇಜರ್ ತಪ್ಪೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟೋ ಸಲ ಉತ್ತರ ಆ ಫೈಲ್‌ನಲ್ಲೇ ಇರುತ್ತದೆ, ಯಾರೂ ತೆರೆಯದ ಪುಟದಲ್ಲಿ.

ಒಂದು ಉದಾಹರಣೆ ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ 23ನೇ ತಾರೀಖು ಸೋಮವಾರದಿಂದ 30ನೇ ತಾರೀಖು ಸೋಮವಾರದವರೆಗೆ ರಜೆ ಬೇಕಿತ್ತು. ಶನಿವಾರ, ಭಾನುವಾರ ಬಿಟ್ಟರೆ ಆರು ದಿನ. ಪಾಲಿಸಿಯಲ್ಲಿ ಹೀಗಿತ್ತು: ಎರಡು ದಿನದವರೆಗಿನ ರಜೆಗೆ 3 ದಿನ ಮುಂಚೆ ಹೇಳಬೇಕು, ಐದು ದಿನದವರೆಗೆ 7 ದಿನ ಮುಂಚೆ, ಐದು ದಾಟಿದರೆ 15 ದಿನ ಮುಂಚೆ. ಅವರು ಇಪ್ಪತ್ಮೂರರಲ್ಲಿ ಹದಿನೈದು ಕಳೆದರು. ಎಂಟು ಬಂತು. 8 ಭಾನುವಾರ, ಹಾಗಾಗಿ 6ನೇ ತಾರೀಖು ಶುಕ್ರವಾರವೇ ಹಾಕಿದರೆ ಆಯ್ತು, ಇನ್ನೂ ಟೈಮ್ ಇದೆ ಅಂದುಕೊಂಡರು.

ಆದರೆ ಅದೇ ಪಾಲಿಸಿಯ ಮೊದಲ ಪುಟಗಳಲ್ಲಿ ವ್ಯಾಖ್ಯೆಗಳ ಭಾಗ ಅಂತ ಒಂದಿರುತ್ತದಲ್ಲ, ಎಲ್ಲರೂ ಸರ್ರನೆ ದಾಟಿ ಹೋಗುವಂಥದ್ದು, ಅಲ್ಲಿ ‘ದಿನ’ ಅಂದರೆ ಕೆಲಸದ ದಿನ ಅಂತ ಬರೆದಿತ್ತು. ಈಗ ಹಿಂದಕ್ಕೆ ಎಣಿಸಿ. 16ರಿಂದ 20ರವರೆಗೆ ಐದು, 9ರಿಂದ 13ರವರೆಗೆ ಐದು, 2ರಿಂದ 6ರವರೆಗೆ ಐದು. ಹದಿನೈದು ಅಲ್ಲಿಗೇ ಮುಗಿಯಿತು. ಅದರಲ್ಲೂ 12ನೇ ತಾರೀಖು ಕಂಪನಿ ರಜೆ ಇತ್ತು, ಅದು ಕೆಲಸದ ದಿನ ಅಲ್ಲ, ಒಂದು ಕಡಿಮೆಯಾಯಿತು. ಆ ಒಂದನ್ನು ತುಂಬಲು ಹಿಂದಿನ ತಿಂಗಳ ಕೊನೆಯ ಶುಕ್ರವಾರಕ್ಕೆ ಹೋಗಬೇಕು. ಅರ್ಜಿ ಹಾಕಿದ ದಿನವನ್ನೂ ಲೆಕ್ಕಕ್ಕೆ ಹಿಡಿಯುತ್ತಾರಾ ಇಲ್ಲವಾ ಅಂತ ಪಾಲಿಸಿಯಲ್ಲಿ ಎಲ್ಲೂ ಇರಲಿಲ್ಲ, ಹಾಗಾಗಿ ಸೇಫ್ ಆಗಿರಬೇಕು ಅಂದರೆ ಅದರ ಹಿಂದಿನ ಗುರುವಾರ. ಅಂದರೆ ಅವರು ಲೆಕ್ಕ ಹಾಕಿದ್ದಕ್ಕಿಂತ ಒಂದು ವಾರಕ್ಕೂ ಮುಂಚೆ, ಬೇರೆಯದೇ ತಿಂಗಳಲ್ಲಿ! ಅವರು ಈ ಲೆಕ್ಕ ಮಾಡುವ ಹೊತ್ತಿಗೆ ಆ ಗುರುವಾರ ಕಳೆದೇ ಹೋಗಿತ್ತು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ‘ಇಷ್ಟು ದಿನ ಮುಂಚೆ ಅರ್ಜಿ ಸಲ್ಲಿಸಬೇಕು’ ಅಂತ ಇದೆಯಾ, ‘ಇಷ್ಟು ದಿನ ಮುಂಚೆ ಒಪ್ಪಿಗೆ ಪಡೆದಿರಬೇಕು’ ಅಂತ ಇದೆಯಾ ನೋಡಿ. ಎರಡನೆಯದಾದರೆ ಮ್ಯಾನೇಜರ್ ಒಪ್ಪಲು ತೆಗೆದುಕೊಳ್ಳುವ ದಿನಗಳೂ ನಿಮ್ಮ ತಲೆ ಮೇಲೆಯೇ. ಇನ್ನೂ ಹಿಂದೆ ಹೋಗಬೇಕು.

ಹಾಗಾದರೆ ಅವರು ಏನು ಮಾಡಿದರು? 30ನೇ ತಾರೀಖು ಕೈಬಿಟ್ಟರು. 23ರಿಂದ 27, ಐದೇ ದಿನ. ಈಗ 7 ಕೆಲಸದ ದಿನ ಸಾಕು. 20ರಿಂದ ಹಿಂದಕ್ಕೆ ಎಣಿಸಿ, 12 ಬಿಟ್ಟು, 11ಕ್ಕೆ ಏಳು ಮುಗಿಯುತ್ತದೆ. 10ನೇ ತಾರೀಖಿನ ಒಳಗೆ ಹಾಕಿದರೆ ಆಯ್ತು. ಬರೀ ಒಂದು ದಿನಕ್ಕೆ ಗಡುವು ಇಷ್ಟು ಬದಲಾಗುತ್ತದೆ. ಇಷ್ಟೇ ಅಲ್ಲ, ಐದು ದಾಟಿದರೆ ವಿಭಾಗದ ಮುಖ್ಯಸ್ಥರ ಸಹಿಯೂ ಬೇಕಿತ್ತು, ಐದಕ್ಕೆ ಮ್ಯಾನೇಜರ್ ಒಬ್ಬರೇ ಸಾಕು.

‘ಐದು ದಿನಕ್ಕೆ ಒಂದು ಅರ್ಜಿ, ಆ ಸೋಮವಾರಕ್ಕೆ ಇನ್ನೊಂದು ಹಾಕಿದರೆ ಆಗಲ್ವಾ?’ ಅಂತ ಕೇಳಬಹುದು. ಪಾಲಿಸಿ ಬರೆಯುವವರಿಗೆ ಇದು ಗೊತ್ತಿಲ್ಲದೇ ಇರುತ್ತಾ. ಒಂದರ ಬೆನ್ನಿಗೆ ಒಂದು ಬರುವ ಅರ್ಜಿಗಳನ್ನು, ನಡುವೆ ಶನಿವಾರ ಭಾನುವಾರ ಇದ್ದರೂ, ಒಂದೇ ರಜೆ ಅಂತ ಹಿಡಿಯುವ ಸಾಲು ಎಷ್ಟೋ ಪಾಲಿಸಿಗಳಲ್ಲಿ ಇರುತ್ತದೆ. ನಡುವಿನ ಆ ಎರಡು ದಿನವನ್ನೂ ಬ್ಯಾಲೆನ್ಸ್‌ನಿಂದ ಕಳೆಯುವ ಕಂಪನಿಗಳೂ ಇವೆ, ಸ್ಯಾಂಡ್‌ವಿಚ್ ರೂಲ್ ಅನ್ನುತ್ತಾರೆ. ಆಗ ಈ ಆರು ದಿನ ಎಂಟಾಗುತ್ತದೆ.

ಇನ್ನು ಒಪ್ಪಿಗೆ ವಿಷಯ. ಯಾರು ಒಪ್ಪಬೇಕು ಅನ್ನುವುದು ಪಾಲಿಸಿಯಲ್ಲಿ ಹುದ್ದೆಯ ಹೆಸರಿನಲ್ಲಿ ಇರುತ್ತದೆ, ನಿಮ್ಮ ಜೊತೆ ದಿನಾ ಕೆಲಸ ಮಾಡುವವರ ಹೆಸರಿನಲ್ಲಲ್ಲ. ಪ್ರಾಜೆಕ್ಟ್ ಲೀಡ್ ‘ಹೋಗಿ ಬಾ, ನಾನು ನೋಡ್ಕೋತೀನಿ’ ಅಂದಿರಬಹುದು. ಎಚ್‌ಆರ್ ಸಿಸ್ಟಮ್‌ನಲ್ಲಿ ರಿಪೋರ್ಟಿಂಗ್ ಮ್ಯಾನೇಜರ್ ಅಂತ ಬೇರೆಯವರ ಹೆಸರಿದ್ದರೆ ಆ ಮಾತಿಗೆ ಬೆಲೆ ಇಲ್ಲ. ಟೀಮ್ ಬದಲಾದವರಿಗೆ ಇದು ಜಾಸ್ತಿ ಆಗುತ್ತದೆ, ಅರ್ಜಿ ಹಳೆಯ ಮ್ಯಾನೇಜರ್ ಹತ್ತಿರ ಹೋಗಿ ಕೂತಿರುತ್ತದೆ. ಹಾಗಾಗಿ ಅರ್ಜಿ ಹಾಕುವ ಮೊದಲು ಪ್ರೊಫೈಲ್ ತೆರೆದು ಆ ಹೆಸರು ಒಮ್ಮೆ ನೋಡಿಕೊಳ್ಳಿ.

ಮ್ಯಾನೇಜರೇ ರಜೆಯಲ್ಲಿದ್ದರೆ? ಯಾರೂ ಉತ್ತರ ಕೊಡದಿದ್ದರೆ? ಈ ಎರಡಕ್ಕೂ ಪಾಲಿಸಿಯಲ್ಲಿ ಸಾಲು ಹುಡುಕಿ. ಕೆಲವು ಕಡೆ ಇಷ್ಟು ದಿನ ಸುಮ್ಮನಿದ್ದರೆ ಅರ್ಜಿ ಮೇಲಿನವರಿಗೆ ಹೋಗುತ್ತದೆ, ಕೆಲವು ಕಡೆ ತಾನೇ ಒಪ್ಪಿಗೆಯಾಗುತ್ತದೆ, ಇನ್ನು ಕೆಲವು ಕಡೆ ತಾನೇ ರದ್ದಾಗುತ್ತದೆ. ಏನೂ ಬರೆದಿಲ್ಲ ಅಂದರೆ ಪೆಂಡಿಂಗ್ ಅನ್ನುವುದು ಒಪ್ಪಿಗೆ ಅಲ್ಲ, ಟಿಕೆಟ್ ಬುಕ್ ಮಾಡಬೇಡಿ ಅಷ್ಟೇ.

ದಾಖಲೆ ಕೇಳುವ ಭಾಗ ನನಗೆ ಸಿಟ್ಟು ತರಿಸುತ್ತದೆ. ಪಾಲಿಸಿಗಿಂತ ಜಾಸ್ತಿ, ಅದನ್ನು ಓದದೆ ದಾಖಲೆ ಕೇಳುವವರ ಮೇಲೆ. ವಾರ್ಷಿಕ ರಜೆಗೆ ಸಾಮಾನ್ಯವಾಗಿ ಕಾರಣದ ಪುರಾವೆ ಬೇಕಾಗುವುದಿಲ್ಲ. ಫಾರ್ಮ್‌ನಲ್ಲಿ ಕಾರಣದ ಡಬ್ಬಿ ಖಾಲಿ ಬಿಡಲು ಆಗುವುದಿಲ್ಲ, ನಿಜ. ಆದರೆ ಅದು ದಾಖಲೆ ಕೇಳಲು ಆಧಾರ ಅಲ್ಲ. ‘ವೈಯಕ್ತಿಕ ಕೆಲಸ’ ಅಂತ ಎರಡು ಪದ ಸಾಕು. ನಮ್ಮ ಜನ ಅಲ್ಲಿ ಮನೆಯ ಕಥೆಯೆಲ್ಲ ಬರೆಯುತ್ತಾರೆ, ಆಮೇಲೆ ‘ಹಾಗಾದರೆ ಮದುವೆ ಕಾರ್ಡ್ ಕಳಿಸಿ’ ಅಂದಾಗ ಬೇಜಾರು ಮಾಡಿಕೊಳ್ಳುತ್ತಾರೆ.

ಸಿಕ್ ಲೀವ್‌ಗೆ ಬೇರೆ ಲೆಕ್ಕ. ‘ಸತತ ಎರಡು ದಿನಕ್ಕಿಂತ ಜಾಸ್ತಿ ಆದರೆ ವೈದ್ಯರ ಸರ್ಟಿಫಿಕೇಟ್’ ಅನ್ನುವಂಥ ಸಾಲು ಎಲ್ಲರಿಗೂ ಗೊತ್ತಿರುತ್ತದೆ. ಅದರ ಕೆಳಗಿನ ಸಾಲು ಗೊತ್ತಿರುವುದಿಲ್ಲ: ವಾರದ ರಜೆಗೆ ಅಂಟಿಕೊಂಡು ಬಂದರೆ ಅಥವಾ ರಾಜೀನಾಮೆ ಕೊಟ್ಟ ಮೇಲೆ ನೋಟಿಸ್ ಅವಧಿಯಲ್ಲಿ ತೆಗೆದುಕೊಂಡರೆ ಒಂದೇ ದಿನಕ್ಕೂ ಸರ್ಟಿಫಿಕೇಟ್ ಕೇಳಬಹುದು ಅಂತ ಇರಬಹುದು. ಓದಿ.

ಸರ್ಟಿಫಿಕೇಟ್ ಇದ್ದೂ ಕೈಕೊಡುವುದು ತಾರೀಖಿನಲ್ಲಿ. ಸೋಮವಾರ ಜ್ವರ ಶುರು, ಮನೆಯಲ್ಲೇ ಮಲಗಿದ್ದೀರಿ, ಮಂಗಳವಾರ ಡಾಕ್ಟರ್ ಹತ್ತಿರ ಹೋದಿರಿ, ಅವರು ಮಂಗಳವಾರದಿಂದ ಗುರುವಾರದವರೆಗೆ ವಿಶ್ರಾಂತಿ ಅಂತ ಬರೆದುಕೊಟ್ಟರು. ರಜೆ ನಾಲ್ಕು ದಿನ, ಕಾಗದ ಮೂರು ದಿನಕ್ಕೆ. ಸೋಮವಾರದ ಸಂಬಳ ಕಟ್ ಆಗಬಹುದು. ಯಾವಾಗಿನಿಂದ ಹುಷಾರಿಲ್ಲ ಅಂತ ಡಾಕ್ಟರಿಗೆ ಸರಿಯಾಗಿ ಹೇಳಿ, ಅವರು ಅದನ್ನೂ ಬರೆದರೆ ಎಚ್‌ಆರ್ ಜೊತೆ ಮಾತಾಡಲು ಒಂದು ಆಧಾರ ಇರುತ್ತದೆ. ಕಾಯಿಲೆ ಏನು ಅಂತ ಬರೆದಿರಲೇಬೇಕು ಅಂತ ಪಾಲಿಸಿ ಹೇಳದಿದ್ದರೆ ಲ್ಯಾಬ್ ರಿಪೋರ್ಟ್, ಔಷಧಿ ಚೀಟಿ ಎಲ್ಲ ಟೀಮ್ ಗ್ರೂಪಿಗೆ ಹಾಕಬೇಡಿ. ಕೇಳಿದ ಒಂದು ಕಾಗದ, ಕೇಳಿದ ಗಡುವಿನೊಳಗೆ, ನೇರವಾಗಿ ಎಚ್‌ಆರ್‌ಗೆ. ಪಾಲಿಸಿಯಲ್ಲಿ ಇಲ್ಲದ ದಾಖಲೆಯನ್ನು ಯಾರಾದರೂ ಕೇಳಿದರೆ ಜಗಳ ಬೇಡ, ‘ಇದು ಪಾಲಿಸಿಯ ಯಾವ ಕಲಂನಲ್ಲಿದೆ ಅಂತ ತಿಳಿಸುತ್ತೀರಾ ಸಾರ್’ ಅಂತ ಮೇಲ್‌ನಲ್ಲಿ ಕೇಳಿ. ಫೋನ್‌ನಲ್ಲಿ ಅಲ್ಲ, ಮೇಲ್‌ನಲ್ಲಿ.