ಗೋಧಿ ಬಣ್ಣ, ಜಂಬು ಬಣ್ಣ, ಡಬ್ಬಿಯ ಬಣ್ಣ

ಪ್ರಶ್ನೆ: ಮೈಬಣ್ಣಕ್ಕೆ ಹತ್ತಾರು ಹೆಸರು ಇಟ್ಟುಕೊಂಡ ಬ್ರೆಜಿಲ್‌ನಂಥ ಸಮಾಜ, ಕಪ್ಪು-ಬಿಳಿ ಅಂತ ಕೆಲವೇ ಡಬ್ಬಿ ಮಾಡಿಕೊಂಡ ಅಮೆರಿಕದಂಥ ಸಮಾಜಕ್ಕಿಂತ ವಾಸಿಯೇ?

ಪರ: ಹೆಸರು ಹೆಚ್ಚಿದ್ದರೆ ಬೇಲಿ ಹಾಕೋದು ಕಷ್ಟ

*ಕಾರವಾರದ ನಿವೃತ್ತ ಹಡಗು ಎಂಜಿನಿಯರ್*

ಈ ಪಕ್ಷವನ್ನು ನಾನು ಆರಿಸಿಕೊಂಡಿದ್ದಲ್ಲ. "ಬ್ರೆಜಿಲ್ ನೋಡಿದವರು ನೀವೊಬ್ಬರೇ, ಪರ ಬರೆದುಬಿಡಿ" ಅಂತ ಸಂಪಾದಕರು ಫೋನಿನಲ್ಲಿ ಹೇಳಿದರು. ನೋಡಿದ್ದು ಹೌದು. ಆದರೆ ಹಡಗಿನವನು ಊರು ನೋಡೋದು ಅಂದರೆ ಬಂದರು ಮತ್ತು ಬಂದರಿನ ಹಿಂದಿನ ಎರಡು ಬೀದಿ, ಅಷ್ಟೇ.

ಸಾಂತೋಸ್ ಬಂದರಿನಲ್ಲಿ ಸಕ್ಕರೆ ತುಂಬುತ್ತಿದ್ದೆವು. ಮಳೆ ಬಂದರೆ ಹ್ಯಾಚ್ ಮುಚ್ಚಿ ಸುಮ್ನೆ ಕೂರಬೇಕು. ಹಾಗೆ ಮೂರು ದಿನ ಕೂತೆವು. ದಡದ ಕಡೆಯ ಲೆಕ್ಕದ ಗುಮಾಸ್ತ ನನ್ನನ್ನು "ಮೊರೆನೊ" ಅನ್ನುತ್ತಿದ್ದ. ಕಂದು ಮೈಯವ ಅಂತ ಅರ್ಥ. ನಮ್ಮ ಗೋವೆಯ ಫಿಟ್ಟರ್ ಒಂದು ಸುತ್ತು ತಿಳಿ, ಅವನು "ಮೊರೆನೊ ಕ್ಲಾರೊ". ತನ್ನದು ಯಾವ ಬಣ್ಣ ಅಂತ ಕೇಳಿದರೆ ಆ ಗುಮಾಸ್ತ ಮೊಣಕೈ ತಿರುಗಿಸಿ ನೋಡಿಕೊಂಡು, "ಜಾಂಬು ಬಣ್ಣ" ಅಂದ. ಜಾಂಬು ಅಂದರೆ ಹಣ್ಣು. ಆ ಹೆಸರಿನ ಬೇರು ನಮ್ಮ ಜಂಬೂ ಶಬ್ದವೇ. ಪೋರ್ಚುಗೀಸರು ಅದನ್ನು ಈ ಕಡೆಯಿಂದ ಕೊಂಡೊಯ್ದರು. ಅಷ್ಟು ದೂರ ಹೋಗಿ ನಮ್ಮ ಹಣ್ಣಿನ ಹೆಸರು ಒಬ್ಬನ ಮೈಮೇಲೆ ಕಂಡಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ?

ಇದು ಒಬ್ಬ ಗುಮಾಸ್ತನ ತಮಾಷೆಯಲ್ಲ. 1976ರಲ್ಲಿ ಅಲ್ಲಿನ ಸರ್ಕಾರಿ ಅಂಕಿಅಂಶ ಸಂಸ್ಥೆ ಮನೆಮನೆಗೆ ಹೋಗಿ, ಯಾವ ಪಟ್ಟಿಯನ್ನೂ ಕೊಡದೆ, "ನಿಮ್ಮ ಬಣ್ಣ ಯಾವುದು?" ಅಂತ ಕೇಳಿತು. ಬಂದ ಉತ್ತರ ಸುಮಾರು 136 ಬಗೆ. ದಾಲ್ಚಿನ್ನಿ, ಹಾಲು ಹಾಕಿದ ಕಾಫಿ, ಬಿಸಿಲಿಗೆ ಸುಟ್ಟಿದ್ದು, ಬಿಳಿ ಕಡೆ ವಾಲಿದ್ದು. ಒಬ್ಬರಂತೂ "ಓಡಿಹೋಗುವ ಕತ್ತೆಯ ಬಣ್ಣ" ಅಂದರು. ಅದು ಅವರ ಗಾದೆಮಾತು, ಇಂಥದ್ದೇ ಅಂತ ಹೇಳಲಾಗದ ಬಣ್ಣ. ಇನ್ನೊಂದು ಉತ್ತರ ನಮಗೆ ಬಹಳ ಹತ್ತಿರದ್ದು: ಗೋಧಿ ಬಣ್ಣ.

ಮಾರ್ವಿನ್ ಹ್ಯಾರಿಸ್ ಅನ್ನುವ ಮಾನವಶಾಸ್ತ್ರಜ್ಞ ಇನ್ನೂ ಚೊಕ್ಕ ಪ್ರಯೋಗ ಮಾಡಿದ್ದ. ಮುಖದ 72 ಚಿತ್ರ ಬರೆಸಿದ. ಚರ್ಮ ಮೂರು ಬಗೆ, ಕೂದಲು ಮೂರು ಬಗೆ, ತುಟಿ ಎರಡು, ಮೂಗು ಎರಡು, ಗಂಡು-ಹೆಣ್ಣು. ಗುಣಿಸಿದರೆ 72. ನೂರು ಜನ ಬ್ರೆಜಿಲ್‌ನವರಿಗೆ ತೋರಿಸಿ, ಇವರನ್ನು ಏನಂತ ಕರೀತೀರಿ ಅಂದ. ಬಂದ ಹೆಸರು 492! ಒಂದೇ ಚಿತ್ರಕ್ಕೆ ಒಬ್ಬ ಹೇಳಿದ ಹೆಸರನ್ನು ಬಹಳ ಸಲ ಇನ್ನೊಬ್ಬ ಹೇಳುತ್ತಿರಲಿಲ್ಲ. ಅಲ್ಲಿ ಒಂದೇ ತಾಯಿಯ ಮಕ್ಕಳಿಗೂ ಬೇರೆ ಬೇರೆ ಬಣ್ಣದ ಹೆಸರಿರುತ್ತದೆ. ಅಂದಮೇಲೆ ನೀನು ಈ ಕಡೆ ನಿಲ್ಲು, ನೀನು ಆ ಕಡೆ ನಿಲ್ಲು ಅಂತ ಗೆರೆ ಎಳೆಯೋದು ಹೇಗೆ?

ಈಗ ಡಬ್ಬಿಯ ಊರಿಗೆ ಬನ್ನಿ. ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್‌ನಲ್ಲಿ ಕಲ್ಲಿದ್ದಲು ತುಂಬಲು ಹೋಗಿದ್ದೆವು. ಆ ರಾಜ್ಯ 1924ರಲ್ಲಿ ಒಂದು ಕಾನೂನು ಮಾಡಿತ್ತು. ಬೇರೆ ರಕ್ತದ ಒಂದು ಹನಿಯೂ ಇಲ್ಲದವನು ಮಾತ್ರ ಬಿಳಿಯ. ಆದರೆ ಅಲ್ಲಿನ ದೊಡ್ಡ ಮನೆತನದವರು ಪೋಕಹಾಂಟಸ್ ಅನ್ನುವ ಮೂಲನಿವಾಸಿ ಹೆಣ್ಣಿನ ವಂಶ ನಮ್ಮದು ಅಂತ ಹೆಮ್ಮೆಪಡುವವರು. ಅವರು ಡಬ್ಬಿಯಿಂದ ಹೊರಗೆ ಬೀಳಬಾರದಲ್ಲ! ಅದಕ್ಕೆ ಮೂಲನಿವಾಸಿ ರಕ್ತ ಹದಿನಾರನೇ ಒಂದು ಪಾಲಿನವರೆಗೆ ಇದ್ದರೆ ಪರವಾಗಿಲ್ಲ ಅಂತ ಒಂದು ಕಿಂಡಿ ಬಿಟ್ಟರು. ಆಫ್ರಿಕನ್ ರಕ್ತಕ್ಕೆ ಕಿಂಡಿ ಇಲ್ಲ. ಜನನ-ಮರಣ ನೋಂದಣಿಯ ಮುಖ್ಯಸ್ಥ ವಾಲ್ಟರ್ ಪ್ಲೆಕರ್ ಹಳೇ ದಾಖಲೆ ಕೆದಕಿ ಜನರನ್ನು ಡಬ್ಬಿಯಿಂದ ಡಬ್ಬಿಗೆ ಹಾಕುತ್ತಿದ್ದ. ಈ ಕಾನೂನಿನಡಿ ಡಬ್ಬಿ ಮೀರಿ ಮದುವೆಯಾಗುವುದು ಅಪರಾಧ. ಲವಿಂಗ್ ಅನ್ನುವ ದಂಪತಿ ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದಿದ್ದು 1967ರಲ್ಲಿ. ಬ್ರೆಜಿಲ್‌ನಲ್ಲಿ ಆಗ ಇಂಥ ಕಾನೂನು ಬರೆಯಲು ಕೂತಿದ್ದರೆ ಮೊದಲನೇ ಕಲಮಿನಲ್ಲೇ ಪೆನ್ನು ನಿಲ್ಲುತ್ತಿತ್ತು.

ಬ್ರೆಜಿಲ್‌ನಲ್ಲೂ ಕಪ್ಪು ಜನ ಬಡವರು ಅಂತ ನನ್ನ ಎದುರಿನವರು ಹೇಳಬಹುದು. ಇರಬಹುದು. ಅದು ಜಮೀನು, ಕೂಲಿ, ಶಾಲೆಯ ಮಾತು, ಶಬ್ದದ ಮಾತಲ್ಲ. ಇನ್ನು ಈಚೆಗೆ ಬ್ರೆಜಿಲ್‌ನವರೂ ಡಬ್ಬಿ ತಂದರಲ್ಲ, ಏನಾಯಿತು? 2007ರಲ್ಲಿ ಬ್ರೆಸೀಲಿಯಾ ವಿಶ್ವವಿದ್ಯಾಲಯದ ಮೀಸಲಾತಿಗೆ ಅವಳಿ ಅಣ್ಣತಮ್ಮಂದಿರು ಅರ್ಜಿ ಹಾಕಿದರು. ಒಂದೇ ಅಚ್ಚಿನ ಅವಳಿಗಳು. ಫೋಟೊ ನೋಡಿದ ಸಮಿತಿ ಒಬ್ಬನನ್ನು ಕಪ್ಪು ಅಂತ ಒಪ್ಪಿತು, ಇನ್ನೊಬ್ಬನನ್ನು ಅಲ್ಲ ಅಂದಿತು. ಇದಕ್ಕೆ ಉತ್ತರ ಕೊಡಲಿ, ಓದುತ್ತೇನೆ.

ವಿರೋಧ: ಅದು ಬಣ್ಣದ ಪೆಟ್ಟಿಗೆಯಲ್ಲ, ಏಣಿ

*ಶಿರಸಿಯ ಪ್ರೌಢಶಾಲಾ ಶಿಕ್ಷಕಿ*

ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ. ತಪ್ಪು ಫೋಟೊದ್ದು. ಆಮೇಲೆ ಅವರು ಫೋಟೊ ಬಿಟ್ಟು ಎದುರಿಗೇ ಕೂರಿಸಿ ಮಾತಾಡಿಸತೊಡಗಿದರು. ಒಂದು ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಯಿತು ಅಂತ ಯಾರಾದರೂ ರೇಷನ್ನನ್ನೇ ನಿಲ್ಲಿಸಿ ಅಂತಾರಾ?

ಈಗ ಆ 136 ಹೆಸರಿನ ವಿಷಯ. ಎಲ್ಲರೂ ಇದನ್ನೇ ಹೇಳುತ್ತಾರೆ, ಯಾಕೆಂದರೆ ಕತ್ತೆಯ ಕಥೆ ಮಜವಾಗಿದೆ. ಯಾರೂ ಹೇಳದೇ ಇರೋದು ಏನೆಂದರೆ, ಅದೇ 1976ರ ಎಣಿಕೆಯಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಬಳಸಿದ್ದು ಬರೀ ಏಳೆಂಟು ಶಬ್ದ. ಬಿಳಿ, ತಿಳಿ, ಕಂದು, ತಿಳಿ ಕಂದು, ಮಿಶ್ರ, ಕಪ್ಪು, ಹೀಗೆ. ಉಳಿದ ನೂರಕ್ಕೂ ಹೆಚ್ಚು ಹೆಸರು ಕೆಲವೇ ಜನರ ಬಾಯಿಂದ ಬಂದವು.

ಆ ಹೆಸರುಗಳನ್ನೇ ಸ್ವಲ್ಪ ನಿಧಾನ ಓದಿ. ಬಿಳಿ ಕಡೆ ವಾಲಿದ್ದು. ಹೆಚ್ಚುಕಮ್ಮಿ ಕಪ್ಪು. ಕೊಳೆ ಬಿಳಿ. ಇವು ಜಂಬು ಹಣ್ಣು, ದಾಲ್ಚಿನ್ನಿ ಅಲ್ಲ, ಮೆಟ್ಟಿಲು. ಪ್ರತಿಯೊಂದೂ ಮೇಲಿನ ಮೆಟ್ಟಿಲಿನಿಂದ ನಾನೆಷ್ಟು ದೂರ ಅಂತ ಹೇಳುತ್ತದೆ. "ದುಡ್ಡು ಬಿಳಿ ಮಾಡುತ್ತದೆ" ಅಂತ ಬ್ರೆಜಿಲ್‌ನವರೇ ಆಡಿಕೊಳ್ಳುತ್ತಾರೆ. ದುಡ್ಡು ಬಂದರೆ ಜನ ನಿಮ್ಮನ್ನು ಒಂದು ಮೆಟ್ಟಿಲು ತಿಳಿ ಬಣ್ಣದ ಹೆಸರಿನಿಂದ ಕರೆಯುತ್ತಾರೆ. ಎಲ್ಲರಿಗೂ ಹತ್ತುವ ಆಸೆ, ಕೆಳಗೆ ನಿಂತವರ ಜೊತೆ ಸೇರಿ ಜಗಳವಾಡಲು ಯಾರಿಗೂ ಮನಸ್ಸಿಲ್ಲ.

ಏಣಿ ಅಂದರೆ ಏನು ಅಂತ ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ನಮ್ಮ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಅಕ್ಕ ಕೆಂಪು, ತಂಗಿ ಗೋಧಿ ಬಣ್ಣ, ನಾನು ಎಣ್ಣೆಗಪ್ಪು. ಸಾದಗಪ್ಪು ಅಂತ ಅಮ್ಮಮ್ಮ ಪ್ರೀತಿಯಿಂದ ಒಂದು ಮೆಟ್ಟಿಲು ಹತ್ತಿಸುತ್ತಿದ್ದಳು. ಪ್ರತಿ ಭಾನುವಾರ ಕಡಲೆಹಿಟ್ಟು, ಅರಿಶಿಣ, ಹಾಲಿನ ಕೆನೆ. ಅದನ್ನು ನನಗೆ ಮಾತ್ರ ಹಚ್ಚುತ್ತಿದ್ದರು, ಅಕ್ಕನಿಗೆ ಬೇಕಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಗೋಧಿ ಬೆಳೆಯೋದೇ ಇಲ್ಲ. ಭತ್ತ, ಅಡಿಕೆ, ಕಾಳುಮೆಣಸಿನ ಊರಿನವರಿಗೆ ಗೋಧಿ ಬಣ್ಣ ಎಲ್ಲಿಂದ ಬಂತೋ. ಕಾಳುಮೆಣಸಿನ ಬಣ್ಣ ಅಂತ ಯಾರೂ ಜಾತಕದ ಜೊತೆ ಬರೆದು ಕೊಟ್ಟಿದ್ದು ನಾನು ನೋಡಿಲ್ಲ.

ನನ್ನ ಬಯೋಡಾಟಾ ಬರೆಯುವಾಗ ಅಪ್ಪಯ್ಯ ಬಣ್ಣದ ಸಾಲಿನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದ. ಆಮೇಲೆ "ಗೋಧಿ" ಅಂತ ಬರೆದ. ಸ್ಟುಡಿಯೋದವನು ಕೇಳದೇನೇ ಫೋಟೊ ತಿಳಿ ಮಾಡಿ ಕೊಟ್ಟಿದ್ದ, ಕುತ್ತಿಗೆ ಮಾತ್ರ ಹಾಗೇ ಬಿಟ್ಟಿದ್ದ. ಮುಖ ಒಬ್ಬಳದು, ಕುತ್ತಿಗೆ ಇನ್ನೊಬ್ಬಳದು. ಗಂಡಿನ ಕಡೆಯವರು ಬಂದು ಅವಲಕ್ಕಿ ತಿಂದು ಹೋದರು. ಎರಡು ದಿನ ಬಿಟ್ಟು ಮಾತು ಬಂತು: "ಕೂಸು ರಾಶಿ ಚೊಲೋ ಇದ್ದು. ಹೇಳಿದ್ದಕ್ಕಿಂತ ಒಂದು ಸುತ್ತು ಕಪ್ಪು." ಅವರು ನನ್ನನ್ನು ಯಾವ ಡಬ್ಬಿಗೂ ಹಾಕಲಿಲ್ಲ. ಯಾವ ಕಾನೂನೂ ಮುರಿಯಲಿಲ್ಲ. ಬಹಳ ಸೂಕ್ಷ್ಮವಾಗಿ, ಒಂದು ಸುತ್ತು ಅಂತ ಅಳೆದು ಹೇಳಿದರು. ಇಂಥದ್ದು ಮೂರು ಸಲ ಆಯಿತು.

ಅಮೆರಿಕದ ಕಾನೂನು ಕೆಟ್ಟದ್ದೇ, ಅದನ್ನು ಸಮರ್ಥಿಸಲು ನಾನು ಇಲ್ಲಿ ಬಂದಿಲ್ಲ. ಆದರೆ ಅದು ಕಾಗದದ ಮೇಲೆ ಇತ್ತು. ಕಾಗದದ ಮೇಲಿದ್ದಿದ್ದನ್ನು ಕೋರ್ಟಿಗೆ ಒಯ್ಯಬಹುದು, 1967ರಲ್ಲಿ ಒಯ್ದು ಹರಿದರು. "ಒಂದು ಸುತ್ತು ಕಪ್ಪು" ಅನ್ನೋದನ್ನು ಯಾವ ಕೋರ್ಟಿಗೆ ಒಯ್ಯಲಿ? ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ಕೊನೆಗೆ, 1888ರಲ್ಲಿ, ಗುಲಾಮಗಿರಿ ಬಿಟ್ಟ ದೇಶ ಬ್ರೆಜಿಲ್. ಆಮೇಲೆ ಜನಾಂಗದ ಬೇಲಿ ಹಾಕುವ ಕಾನೂನು ಅಲ್ಲಿ ಇರಲಿಲ್ಲ, ಹಾಗಾಗಿ ಕಿತ್ತು ಹಾಕಲೂ ಏನೂ ಸಿಗಲಿಲ್ಲ. ಎಲ್ಲರೂ ಮಿಶ್ರ, ನಮ್ಮಲ್ಲಿ ಭೇದ ಎಲ್ಲಿದೆ ಅಂತ ದಶಕಗಟ್ಟಲೆ ಹೇಳಿಕೊಂಡು ಕೂತರು.

ಅದಕ್ಕೇ ಅಲ್ಲಿನ ಕಪ್ಪು ಜನರ ಚಳವಳಿ ಡಬ್ಬಿ ಬೇಕು ಅಂತ ಹಟ ಹಿಡಿಯಿತು. ಜನಗಣತಿಯ ಐದು ಡಬ್ಬಿಗಳಲ್ಲಿ "ಪ್ರೇತು" ಅಂದರೆ ಕಪ್ಪು, "ಪಾರ್ದು" ಅಂದರೆ ಮಿಶ್ರ ಕಂದು. ಈ ಎರಡನ್ನೂ ಕೂಡಿಸಿ ಒಂದೇ ಕಪ್ಪು ಸಮುದಾಯ ಅಂತ ಎಣಿಸಿ ಅಂದರು. 2022ರ ಜನಗಣತಿಯಲ್ಲಿ ಪಾರ್ದು ನೂರಕ್ಕೆ 45, ಪ್ರೇತು ನೂರಕ್ಕೆ 10. ಕೂಡಿಸಿದರೆ ಅರ್ಧಕ್ಕಿಂತ ಜಾಸ್ತಿ! ಹೀಗೆ ಕೂಡಿಸಿ ಎಣಿಸುವ ಕ್ರಮ ಹಿಡಿದೇ 2012ರ ಕಾನೂನು ಬಂದಿತ್ತು. ಕೇಂದ್ರ ವಿಶ್ವವಿದ್ಯಾಲಯಗಳ ಅರ್ಧ ಸೀಟು ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ. ಅದರೊಳಗೆ, ಆಯಾ ರಾಜ್ಯದಲ್ಲಿ ಕಪ್ಪು, ಮಿಶ್ರ, ಮೂಲನಿವಾಸಿ ಜನ ಎಷ್ಟಿದ್ದಾರೋ ಅಷ್ಟು ಪಾಲು ಅವರಿಗೆ. ಸುಳ್ಳು ಹೇಳಿ ನುಗ್ಗುವವರನ್ನು ತಡೆಯಲು ಸಮಿತಿಗಳಿವೆ. ಅವು ಅಜ್ಜ ಯಾರು ಅಂತ ಕೇಳಲ್ಲ, ಎದುರಿಗೆ ಕೂತವರ ಚರ್ಮ, ಕೂದಲು, ಮೂಗು ನೋಡುತ್ತವೆ. ಮುಜುಗರದ ಕೆಲಸ, ಒಪ್ಪುತ್ತೇನೆ. ಆದರೆ ಕೆಲಸ ಕೇಳಲು ಹೋದಾಗ ಎದುರಿನವರು ನೋಡೋದೂ ಅದನ್ನೇ ಅಲ್ವಾ?

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅವರ ಮೈಬಣ್ಣಕ್ಕೆ, ಕೂದಲಿಗೆ ಊರವರು ಇಟ್ಟ ಹೆಸರುಗಳಿಗೆ ಲೆಕ್ಕವಿಲ್ಲ, ಒಂದನ್ನೂ ಇಲ್ಲಿ ಬರೆಯಲಾರೆ. ಆ ಹೆಸರುಗಳಿಂದ ಒಂದು ಹಾಸ್ಟೆಲ್ ಸೀಟೂ ಹುಟ್ಟಲಿಲ್ಲ. 2003ರಲ್ಲಿ ಮೂರೂ ಧರ್ಮದವರನ್ನು ಒಟ್ಟಿಗೆ ಪರಿಶಿಷ್ಟ ಪಂಗಡ ಅನ್ನುವ ಒಂದು ಡಬ್ಬಿಗೆ ಸೇರಿಸಿದರು. ಸೀಟು ಅಲ್ಲಿಂದ ಬಂತು. ನನ್ನ ತರಗತಿಯ ಹುಡುಗಿಯೊಬ್ಬಳು ಆ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಗಣಿತದ ಪುಸ್ತಕದೊಳಗೆ ಇಟ್ಟುಕೊಂಡು ಓಡಾಡುತ್ತಿದ್ದಳು.

ಹೋದ ತಿಂಗಳು ಅಕ್ಕನ ಮಗಳ ಬಯೋಡಾಟಾ ನಾನೇ ಟೈಪ್ ಮಾಡಿದೆ. ಬಣ್ಣದ ಸಾಲು ಖಾಲಿ ಬಿಟ್ಟು ಕಳಿಸಿದೆ. ಅರ್ಧ ಗಂಟೆಗೆ ದಲ್ಲಾಳಿಯ ಫೋನ್: "ಅಕ್ಕಾ, ಒಂದು ಕಾಲಂ ತುಂಬಲೆ ಮರ್ತು ಹೋಜು ನಿಂಗಕ್ಕೆ. ಗೋಧಿ ಹೇಳಿ ಹಾಕ್ಲಾ?"