ಮೂರು ಬೆರಳಿನ ಸುದ್ದಿ

"ವಿವರ ಬಿಟ್ಟುಹೋಗಿತ್ತು ಕಣೋ, ನಾನೇ ಸೇರಿಸಿದ್ದೀನಿ" ಅಂತ ನಮ್ಮಪ್ಪ ನಿನ್ನೆ ಫೋನ್ ಮಾಡಿದಾಗ ನಾನು ಹಾಸನದ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಫ್ಲಾಸ್ಕಿಗೆ ಬಿಸಿನೀರು ಹಿಡಿಯುತ್ತಿದ್ದೆ. ಎದೆ ಧಸಕ್ಕೆಂದಿತು.

ಮಗಳು ಹುಟ್ಟಿ ಮೂರನೇ ದಿನ. ನಾಲ್ಕು ಸಾಲು ಬರೆದು ಫೇಸ್‌ಬುಕ್ಕಿಗೆ ಹಾಕಲು ನಾನೂ ನನ್ನ ಹೆಂಡತಿಯೂ ಎರಡು ದಿನ ಒದ್ದಾಡಿದ್ದೆವು. ಹೆಸರು, ತೂಕ, ಟೈಮು, ಆಸ್ಪತ್ರೆ ಯಾವುದೂ ಬೇಡ, ಮುಖವಂತೂ ಬೇಡವೇ ಬೇಡ ಅಂತ ಅವಳ ಕಟ್ಟಪ್ಪಣೆ. ಸರಿ, ಕಾಲಿನ ಫೋಟೋ ಹಾಕೋಣ ಅಂದರೆ ಗುರುತಿನ ಪಟ್ಟಿ ಕಾಲಿಗೇ ಕಟ್ಟಿದ್ದಾರೆ. ಹೆಸರಿಡುವವರೆಗೆ ಮಗುವಿಗೆ ಹೆಸರಿಲ್ಲವಲ್ಲ, ಅದಕ್ಕೇ ಅದರ ಮೇಲೆ 'ಬಿ/ಓ', ಅಂದರೆ 'ಬೇಬಿ ಆಫ್', ಅಂತ ಬರೆದು ಪಕ್ಕದಲ್ಲಿ ತಾಯಿಯ ಹೆಸರು, ಆಸ್ಪತ್ರೆಯ ನಂಬರು, ಹುಟ್ಟಿದ ಹೊತ್ತು ಎಲ್ಲ ಬರೆದಿರುತ್ತಾರೆ. ಅದು ಕಾಣದ ಹಾಗೆ ಕತ್ತರಿಸುತ್ತ ಕತ್ತರಿಸುತ್ತ ಕೊನೆಗೆ ಉಳಿದಿದ್ದು ಮೂರು ಬೆರಳು. ನನ್ನ ಆಫೀಸಿನವನೊಬ್ಬ "ಹಸಿ ಕಡಲೆಕಾಯಾ?" ಅಂತ ಕೇಳಿದ.

ಬರೆದದ್ದು ಇಷ್ಟೇ: "ನಾವೀಗ ಮೂವರು. ತಾಯಿ, ಮಗಳು ಆರಾಮ. ಡಾಕ್ಟರಿಗೆ, ರಾತ್ರಿಯೆಲ್ಲ ಜೊತೆಗಿದ್ದ ನರ್ಸಮ್ಮಂದಿರಿಗೆ, ಎರಡೂ ಕಡೆಯ ಅಜ್ಜ ಅಜ್ಜಿಯರಿಗೆ ನಮಸ್ಕಾರ." ಈ 'ಎರಡೂ ಕಡೆಯ' ನೋಡಿ ಅತ್ತೆಯವರ ಮುಖ ಸ್ವಲ್ಪ ಸಣ್ಣಗಾಯಿತು. ನ್ಯಾಯವೇ. ಆರು ತಿಂಗಳಿಂದ ಬಾಣಂತನದ ತಯಾರಿ ಮಾಡಿದವರು ಅವರು. ಒಣಕೊಬ್ಬರಿಯ ಚೀಲ ಹಿಡಿದು ಬಂದು ಅದೇ ಬಸ್ಸಿಗೆ ತುಮಕೂರಿಗೆ ವಾಪಸಾದವರು ನಮ್ಮಪ್ಪ.

ಆ ನಮ್ಮಪ್ಪ ಈಗ ಕೆಳಗೆ ಬರೆದಿದ್ದರು: "ಹೆಣ್ಣು ಮಗು. ಗುರುವಾರ ಬೆಳಗಿನ ಜಾವ 4 ಗಂಟೆ 52 ನಿಮಿಷ. ತೂಕ 2 ಕೆಜಿ 850. ರೋಹಿಣಿ ನಕ್ಷತ್ರ, ಮೂರನೇ ಪಾದ. ರೂಮ್ ನಂಬರ್ 14, ಎರಡನೇ ಮಹಡಿ, ಲಿಫ್ಟ್ ಪಕ್ಕ."

ಟೈಮು ಮುಚ್ಚಿಟ್ಟು ನಕ್ಷತ್ರ ಹೇಳಿದ್ದರೂ ಗುಟ್ಟು ಉಳಿಯುತ್ತಿರಲಿಲ್ಲ ಬಿಡಿ. ಒಂದು ನಕ್ಷತ್ರ ಸುಮಾರು ಒಂದು ದಿನ ಇರುತ್ತದೆ, ಅದಕ್ಕೆ ನಾಲ್ಕು ಪಾದ, ಅಂದರೆ ಪಾದಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಪಂಚಾಂಗ ತೆರೆದವರಿಗೆ ಎಲ್ಲ ಗೊತ್ತಾಗುತ್ತದೆ. ರೋಹಿಣಿಗೆ ಓ, ವಾ, ವೀ, ವೂ. ಮೂರನೇ ಪಾದಕ್ಕೆ 'ವೀ' ಬರುತ್ತದೆ ಅಂತ ಅರ್ಧ ಗಂಟೆಯೊಳಗೆ ಹದಿನಾಲ್ಕು ಜನ ವೀಣಾ ಅಂತ ಹೆಸರಿಟ್ಟೂ ಆಗಿತ್ತು.

ಆದರೆ ನಾವು ಹೆದರಿದ್ದು ಅದಕ್ಕಲ್ಲ. ಕೃಷ್ಣ ಹುಟ್ಟಿದ್ದು ರೋಹಿಣಿಯಲ್ಲಿ, ಕಂಸನ ಗತಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ರೋಹಿಣಿ ಅಂದರೆ ಸೋದರಮಾವನಿಗೆ ಆಗಲ್ಲ ಅಂತ ನಮ್ಮ ಕಡೆ ಒಂದು ಮಾತು. ನಮ್ಮ ದೊಡ್ಡತ್ತೆ ತಕ್ಷಣ ಬರೆದರು: "ಅಯ್ಯೋ, ಮಾವ ಮಗುವಿನ ಮುಖ ನೇರ ನೋಡಬಾರದು. ಮೊದಲು ತಟ್ಟೆಯಲ್ಲಿ ಎಣ್ಣೆ ಹಾಕಿ ಅದರಲ್ಲಿ ನೆರಳು ನೋಡಲಿ." ಐದೇ ನಿಮಿಷಕ್ಕೆ ಪುಣೆಯಿಂದ ನನ್ನ ಭಾಮೈದನ ಫೋನು. ಇಂಜಿನಿಯರು, ಜಾತಕ ಗೀತಕ ಅಂದರೆ ನಗುವವನು.

"ಭಾವ, ಸುಮ್ನೆ ಕೇಳ್ತೀನಿ. ವಿಡಿಯೋ ಕಾಲ್‌ನಲ್ಲಿ ನೋಡಿದ್ದು ಲೆಕ್ಕಕ್ಕೆ ಬರುತ್ತಾ?"

ಗಾಜಿನ ಮೂಲಕ ನೋಡಿದ್ದಲ್ವಾ, ಬರಲ್ಲ ಅಂದೆ. ಸ್ಕ್ರೀನಿನಲ್ಲಿ ಸ್ಕ್ರಾಚ್ ಗಾರ್ಡ್ ಕೂಡ ಇದೆ ಅಂತ ಅವನೇ ಸೇರಿಸಿದ. ರಾತ್ರಿ ಮತ್ತೆ ಮೆಸೇಜು: ಎಣ್ಣೆ ಕೊಬ್ಬರಿಯದ್ದಾ, ಎಳ್ಳಿನದ್ದಾ? ಬೆಳಿಗ್ಗೆ ಇನ್ನೊಂದು: ತಟ್ಟೆ ಸ್ಟೀಲ್ ಆದರೆ ನಡೆಯುತ್ತಾ, ಯಾಕಂದರೆ ಎಣ್ಣೆ ಇಲ್ಲದೆಯೂ ಮುಖ ಕಾಣುತ್ತಲ್ಲ?

ಸಿಟ್ಟು ಬಂತು. ಅಪ್ಪನ ಕಾಮೆಂಟು ಅಳಿಸಿಹಾಕಿದೆ. ಹತ್ತು ನಿಮಿಷಕ್ಕೆ ಅದು ಮತ್ತೆ ಬಂತು, ಈ ಸಲ ಲಗ್ನದ ಸಮೇತ. ಫೋನ್ ಮಾಡಿ ರೇಗಿದೆ. ಹೀಗೆ ಎಲ್ಲರಿಗೂ ಕಾಣುವ ಹಾಗೆ ಯಾರಾದರೂ ಬರೀತಾರಾ?

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ ಏನನ್ನೋ ಓದತೊಡಗಿದರು: "ಗಂಡು ಮಗು. ಸೋಮವಾರ ರಾತ್ರಿ 9 ಗಂಟೆ 10 ನಿಮಿಷ. ಬಾಣಂತಿ ಕ್ಷೇಮ..." ನಾನು ಹುಟ್ಟಿದಾಗ ತಾತ ಅಪ್ಪನಿಗೆ ಬರೆದ ಕಾರ್ಡು. 15 ಪೈಸೆಯದ್ದು. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದರಂತೆ, ಓದುವ ಮೊದಲೇ ಒಳ್ಳೆ ಸುದ್ದಿ ಅಂತ ತಿಳಿಯಲಿ ಅಂತ. ಈಗ ಒಂದೇ ಮೂಲೆಯಲ್ಲಿ ಉಳಿದಿದೆಯಂತೆ. "ಪೋಸ್ಟ್‌ಮ್ಯಾನು ಬಾಗಿಲಲ್ಲೇ ಓದಿ ಹೇಳಿಬಿಟ್ಟಿದ್ದ. ಬೆಲ್ಲ ಕೊಟ್ಟು ಕಳಿಸಿದೆ" ಅಂದರು.

ನನಗೆ ಮತ್ತೆ ರೇಗಲು ಆಗಲಿಲ್ಲ. "ಆಯ್ತಪ್ಪ, ಇರಲಿ. ಆ ರೂಮ್ ನಂಬರ್ ಒಂದನ್ನು ಸರಿಮಾಡಿ ಸಾಕು" ಅಂದೆ.

ಸರಿಮಾಡಿದ್ದಾರೆ. ಇಂದು ಬೆಳಿಗ್ಗೆ ನಮ್ಮನ್ನು ಕೆಳಗಿನ ವಾರ್ಡಿಗೆ ಕಳಿಸಿದ್ದರಲ್ಲ. "ತಿದ್ದುಪಡಿ: ರೂಮ್ ನಂಬರ್ 14 ಅಲ್ಲ, 6. ನೋಡಲು ಬರುವವರು ಸಂಜೆ 4ರಿಂದ 6."